ಅನೌಪಚಾರಿಕ ಸಂದೇಶಗಳಲ್ಲಿ ಕನ್ನಡ–ಇಂಗ್ಲಿಷ್ ಮಿಶ್ರಣ

ಅನೌಪಚಾರಿಕ ಸಂದೇಶಗಳಲ್ಲಿ ಕನ್ನಡ–ಇಂಗ್ಲಿಷ್ ಮಿಶ್ರಣ ಎಂದರೆ ಮೊಬೈಲ್ ದೂರವಾಣಿ ಮತ್ತು ಅಂತರಜಾಲದ ಮೂಲಕ ಸ್ನೇಹಿತರು, ಬಂಧುಗಳು ಹಾಗೂ ಸಹೋದ್ಯೋಗಿಗಳು ಪರಸ್ಪರ ಕಳುಹಿಸುವ ಕಿರುಬರಹಗಳಲ್ಲಿ ಈ ಎರಡೂ ಭಾಷೆಗಳ ಪದಗಳನ್ನೂ ವಾಕ್ಯಗಳನ್ನೂ ಬೆರೆಸಿ ಬಳಸುವ ರೂಢಿ. ಆಡುಮಾತಿನಲ್ಲಿ ಇದನ್ನು *ಕಂಗ್ಲಿಷ್* ಎಂದೂ ಕರೆಯುತ್ತಾರೆ. ಭಾಷಾವಿಜ್ಞಾನದಲ್ಲಿ ಒಂದೇ ವಾಕ್ಯದೊಳಗೆ ಎರಡು ಭಾಷೆಗಳು ಬೆರೆಯುವುದನ್ನು *ಸಂಕೇತ ಮಿಶ್ರಣ* ಎಂದೂ, ಮಾತಿನ ನಡುವೆ ಒಂದು ಭಾಷೆಯಿಂದ ಮತ್ತೊಂದಕ್ಕೆ ಪೂರ್ಣವಾಗಿ ಹೊರಳುವುದನ್ನು *ಸಂಕೇತ ಪಲ್ಲಟ* ಎಂದೂ ಸಾಮಾನ್ಯವಾಗಿ ಗುರುತಿಸಲಾಗುತ್ತದೆ.

ಇಂತಹ ಬರಹದಲ್ಲಿ ಇಂಗ್ಲಿಷ್ ಹೆಚ್ಚಿದಷ್ಟೂ ಸಲುಗೆ ಹೆಚ್ಚುತ್ತದೆ ಎಂಬ ಭಾವನೆಯೂ, ಇಂಗ್ಲಿಷ್ ಬಂದೊಡನೆ ಆತ್ಮೀಯತೆ ಹೋಗುತ್ತದೆ ಎಂಬ ಅದಕ್ಕೆ ವಿರುದ್ಧವಾದ ಭಾವನೆಯೂ ಪ್ರಚಲಿತವಾಗಿವೆ. ಎರಡೂ ಪೂರ್ಣ ಸರಿಯಲ್ಲ. ಕನ್ನಡದಲ್ಲಿ ಸಲುಗೆ ಮತ್ತು ಗೌರವಗಳು ಮುಖ್ಯವಾಗಿ ಸರ್ವನಾಮ, ಕ್ರಿಯಾಪದದ ಕೊನೆಯ ಪ್ರತ್ಯಯ ಹಾಗೂ ಸಂಬೋಧನೆಗಳಲ್ಲಿ ನೆಲೆಸಿವೆ. ಆದುದರಿಂದ ಸಂದೇಶದ ಧಾಟಿಯನ್ನು ನಿರ್ಧರಿಸುವುದು ಇಂಗ್ಲಿಷ್ ಪದಗಳ ಸಂಖ್ಯೆಯಲ್ಲ. ಆ ಪದಗಳು ವಾಕ್ಯದ ಯಾವ ಸ್ಥಾನದಲ್ಲಿ ಬಂದಿವೆ, ಕನ್ನಡದ ಕೊನೆಯ ಪ್ರತ್ಯಯ ಉಳಿದಿದೆಯೋ ಇಲ್ಲವೋ ಎಂಬುದೇ ಮುಖ್ಯವಾಗುತ್ತದೆ.

ಇಂತಹ ಸಂದೇಶಗಳನ್ನು ಬಹಳ ಮಂದಿ ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಈ ಲೇಖನದ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಅವು ವಿವರಣೆಗಾಗಿ ರಚಿಸಿದ ಉದಾಹರಣೆಗಳು.

## ಹಿನ್ನೆಲೆ

ಕನ್ನಡ ಮಾತಿನಲ್ಲಿ ಇಂಗ್ಲಿಷ್ ಬೆರೆಯುವುದು ಮೊಬೈಲ್ ದೂರವಾಣಿಗಿಂತ ಹಳೆಯದು. ಭಾಷಾವಿಜ್ಞಾನಿ ಎಸ್. ಎನ್. ಶ್ರೀಧರ್ ಅವರು ಕನ್ನಡದಲ್ಲಿ ಸಂಕೇತ ಮಿಶ್ರಣ ನಿರ್ವಹಿಸುವ ಕಾರ್ಯಗಳನ್ನು ಕುರಿತು 1978ರಲ್ಲಿಯೇ ಲೇಖನ ಪ್ರಕಟಿಸಿದ್ದರು. 1980ರಲ್ಲಿ ಅವರು ಕಮಲ್ ಕೆ. ಶ್ರೀಧರ್ ಅವರೊಂದಿಗೆ ಬರೆದ ಲೇಖನದಲ್ಲಿ, ವಾಕ್ಯದ ಚೌಕಟ್ಟನ್ನು ಒದಗಿಸುವ ಭಾಷೆಯನ್ನು ಆತಿಥೇಯ ಭಾಷೆಯೆಂದೂ, ಆ ಚೌಕಟ್ಟಿನೊಳಗೆ ಬಂದು ಸೇರುವ ಭಾಷೆಯನ್ನು ಅತಿಥಿ ಭಾಷೆಯೆಂದೂ ವಿಂಗಡಿಸಿದರು. ಕರ್ನಾಟಕದ ಬಹುತೇಕ ಮಿಶ್ರ ಸಂದೇಶಗಳಲ್ಲಿ ಕನ್ನಡವೇ ಆತಿಥೇಯ ಭಾಷೆ.

ಬರಹದಲ್ಲಿ ಈ ರೂಢಿ ಹರಡಲು ತಾಂತ್ರಿಕ ಕಾರಣವೂ ಇತ್ತು. ಎಸ್ಸೆಮ್ಮೆಸ್ ಸಂದೇಶವೊಂದರಲ್ಲಿ ರೋಮನ್ ಲಿಪಿಯಾದರೆ 160 ಸಂಕೇತಗಳಿಗೆ ಸ್ಥಳವಿತ್ತು. ಕನ್ನಡದಂತಹ ಲಿಪಿಗಳನ್ನು ಬಳಸಿದರೆ ಆ ಮಿತಿ 70ಕ್ಕೆ ಇಳಿಯುತ್ತಿತ್ತು. ಕನ್ನಡದ ಒಂದು ಅಕ್ಷರ ಹಲವು ಸಂಕೇತಗಳನ್ನು ಬಳಸಬಹುದು. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತಗಳು ಬೇಕಾಗುತ್ತವೆ. ಅನೇಕ ಹಳೆಯ ದೂರವಾಣಿಗಳಲ್ಲಿ ಕನ್ನಡ ಲಿಪಿ ಮೂಡುತ್ತಲೇ ಇರಲಿಲ್ಲ. ಹೀಗಾಗಿ ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆಯುವ ಅಭ್ಯಾಸ ಬೆಳೆಯಿತು. ಎರಡೂ ಭಾಷೆಗಳು ಒಂದೇ ಲಿಪಿಯಲ್ಲಿದ್ದುದರಿಂದ, ಮಾತಿನಲ್ಲಿ ಆಗಲೇ ಇದ್ದ ಮಿಶ್ರಣವು ಬರಹಕ್ಕೆ ತಡೆಯಿಲ್ಲದೆ ಇಳಿಯಿತು. ಮುಂದೆ ಕನ್ನಡ ಕೀಲಿಮಣೆಗಳು ಸುಲಭವಾಗಿ ದೊರೆತರೂ ಈ ಅಭ್ಯಾಸ ಉಳಿದುಕೊಂಡಿದೆ.

## ಸಲುಗೆಯನ್ನು ಸೂಚಿಸುವ ಕನ್ನಡದ ಭಾಗಗಳು

ಎದುರಿನ ವ್ಯಕ್ತಿಯನ್ನು ಏಕವಚನದಲ್ಲಿ ಕರೆಯಬೇಕೋ ಬಹುವಚನದಲ್ಲಿ ಕರೆಯಬೇಕೋ ಎಂಬ ಆಯ್ಕೆಯ ಸಾಮಾಜಿಕ ಅರ್ಥವನ್ನು ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಅವರು 1960ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಯುರೋಪಿನ ಭಾಷೆಗಳ ಆಧಾರದ ಮೇಲೆ ವಿವೇಚಿಸಿದರು. ಅಧಿಕಾರ ಮತ್ತು ಸಮಭಾವ ಎಂಬ ಎರಡು ಸೆಳೆತಗಳು ಈ ಆಯ್ಕೆಯನ್ನು ನಿಯಂತ್ರಿಸುತ್ತವೆ ಎಂಬುದು ಅವರ ವಾದ. ಕನ್ನಡದ 'ನೀನು' ಮತ್ತು 'ನೀವು' ಇದೇ ಬಗೆಯವು. ಆದರೆ ಕನ್ನಡದಲ್ಲಿ ಸರ್ವನಾಮವನ್ನು ಬಿಟ್ಟರೂ ಈ ಆಯ್ಕೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ, ಏಕೆಂದರೆ ಕ್ರಿಯಾಪದದ ಕೊನೆಯಲ್ಲಿಯೂ ಅದೇ ಭೇದ ಕಾಣಿಸುತ್ತದೆ: 'ಬರ್ತೀಯಾ?' ಎಂಬುದು ಒಂದು, 'ಬರ್ತೀರಾ?' ಎಂಬುದು ಮತ್ತೊಂದು.

ಇಂಗ್ಲಿಷ್ ಪದ ಬಂದರೂ ಈ ವ್ಯವಸ್ಥೆ ಕೆಡುವುದಿಲ್ಲ. ಇಂಗ್ಲಿಷ್ ಪದಕ್ಕೆ 'ಮಾಡು' ಅಥವಾ 'ಆಗು' ಎಂಬ ಕನ್ನಡ ಕ್ರಿಯಾಪದ ಸೇರುತ್ತದೆ. ಗೌರವ, ಸಲುಗೆ, ಕೆಲವೆಡೆ ಪ್ರದೇಶ ಕೂಡ ಆ ಕ್ರಿಯಾಪದದ ತುದಿಯಲ್ಲಿ ಗೋಚರಿಸುತ್ತವೆ. ದೂರವಾಣಿ ಕರೆ ಮಾಡಲು ಹೇಳುವ ಸಂದೇಶವನ್ನು ನೋಡಬಹುದು:

- 'ಕಾಲ್ ಮಾಡು' – ಏಕವಚನ. ಪರಿಚಿತರಲ್ಲಿ ಸಹಜ, ಅಪರಿಚಿತರಲ್ಲಿ ಒರಟು.
- 'ಕಾಲ್ ಮಾಡಿ' – ಬಹುವಚನ. ಗೌರವ ಅಥವಾ ಅಂತರ.
- 'ಕಾಲ್ ಮಾಡೋ', 'ಕಾಲ್ ಮಾಡೇ' – ಗೆಳೆಯನಿಗೆ ಅಥವಾ ಗೆಳತಿಗೆ, ಪೂರ್ಣ ಸಲುಗೆ.
- 'ಕಾಲ್ ಮಾಡಪ್ಪಾ', 'ಕಾಲ್ ಮಾಡಮ್ಮಾ' – ಕಿರಿಯರಲ್ಲಿ ಅಕ್ಕರೆ ಅಥವಾ ಒತ್ತಾಯ.
- 'ಕಾಲ್ ಮಾಡ್ರಿ' – ಉತ್ತರ ಕರ್ನಾಟಕದ ಮಾತಿನಲ್ಲಿ ಗೌರವದೊಂದಿಗೆ ಆತ್ಮೀಯತೆ.

ಈ ಎಲ್ಲ ಸಂದೇಶಗಳಲ್ಲಿಯೂ ಇಂಗ್ಲಿಷಿನ ಪ್ರಮಾಣ ಒಂದೇ, ಧಾಟಿ ಮಾತ್ರ ಬೇರೆ ಬೇರೆ. ಇದಕ್ಕೆ ಬದಲಾಗಿ 'ಕಾಲ್ ಮಿ' ಎಂದು ಬರೆದರೆ ಕನ್ನಡದ ಕ್ರಿಯಾಪದವೇ ಇಲ್ಲವಾಗುತ್ತದೆ, ಮತ್ತು ಅದರೊಡನೆ ಈ ಮೆಟ್ಟಿಲುಗಳೆಲ್ಲವೂ ಇಲ್ಲವಾಗುತ್ತವೆ. ಓದುವವರಿಗೆ ತಾವು ಬರೆದವರಿಗೆ ಏನಾಗಬೇಕು ಎಂಬ ಸೂಚನೆ ಆ ಸಂದೇಶದಲ್ಲಿ ಸಿಗುವುದಿಲ್ಲ. ಪರಿಚಯ ಹೊಸದಾಗಿದ್ದಾಗ ಈ ಮೌನ ಅನುಕೂಲ. ಪರಿಚಯ ಹಳೆಯದಾಗಿದ್ದಾಗ ಅದೇ ಮೌನ ಚಳಿಯಂತೆ ತಟ್ಟುತ್ತದೆ.

'ಕಣೋ', 'ಕಣೇ', 'ರೀ', 'ಅಲ್ವಾ', 'ಮಾರಾಯ', 'ಲೇ' ಮುಂತಾದ ಕಿರುಪದಗಳೂ ಇದೇ ಕೆಲಸ ಮಾಡುತ್ತವೆ. ಬರಿಯ 'ಓಕೆ' ಎಂಬ ಉತ್ತರ ಒಪ್ಪಿಗೆಯೋ ಮುನಿಸೋ ಎಂಬುದು ಸ್ಪಷ್ಟವಾಗುವುದಿಲ್ಲ. 'ಓಕೆ ಕಣೋ', 'ಓಕೆ ಮಾರಾಯ', 'ಓಕೆ ರೀ' ಎಂದಾಗ ಆ ಸಂಶಯ ನಿವಾರಣೆಯಾಗುತ್ತದೆ.

## ವಚನದ ಆಯ್ಕೆಯನ್ನು ತಪ್ಪಿಸುವ ಬಳಕೆ

ಒಬ್ಬರನ್ನು 'ನೀನು' ಎನ್ನಬೇಕೋ 'ನೀವು' ಎನ್ನಬೇಕೋ ಎಂದು ತಿಳಿಯದ ಸಂದರ್ಭಗಳು ಸಾಮಾನ್ಯ. ಸಮವಯಸ್ಕ ಹೊಸ ಸಹೋದ್ಯೋಗಿ, ವಯಸ್ಸಿನಲ್ಲಿ ಕಿರಿಯರಾದ ಮೇಲಧಿಕಾರಿ, ವರ್ಷಗಳ ನಂತರ ಸಿಕ್ಕ ಸಹಪಾಠಿ, ಹೊಸದಾಗಿ ನೆಂಟರಾದವರು ಇಂತಹವರು. 'ನೀನು' ಎಂದರೆ ಅತಿಸಲುಗೆಯಾದೀತು, 'ನೀವು' ಎಂದರೆ ದೂರವಿಟ್ಟಂತಾದೀತು ಎಂಬ ಅಳುಕು ಇಲ್ಲಿರುತ್ತದೆ.

ಕನ್ನಡದಲ್ಲಿ ಇದಕ್ಕೊಂದು ಹಳೆಯ ಉಪಾಯವಿದೆ. 'ಊಟ ಆಯ್ತಾ?' ಎಂಬ ಪ್ರಶ್ನೆಯಲ್ಲಿ ಕ್ರಿಯಾಪದವು ಊಟವನ್ನು ಅನುಸರಿಸಿ ನಪುಂಸಕಲಿಂಗದಲ್ಲಿದೆ. ಊಟ ಮಾಡಿದವರ ವಚನ ಅದರಲ್ಲಿ ಕಾಣಿಸುವುದಿಲ್ಲ. ಆದ್ದರಿಂದಲೇ ಈ ಪ್ರಶ್ನೆಯನ್ನು ಅಜ್ಜನಿಗೂ ಕೇಳಬಹುದು, ಗೆಳೆಯನಿಗೂ ಕೇಳಬಹುದು. 'ಊಟ ಮಾಡಿದೆಯಾ?', 'ಊಟ ಮಾಡಿದ್ರಾ?' ಎಂದು ಕೇಳುವವರು ಮಾತ್ರ ವಚನವನ್ನು ಆರಿಸಲೇಬೇಕು.

ಇಂಗ್ಲಿಷ್ ಪದಗಳು 'ಆಗು' ಕ್ರಿಯಾಪದದೊಂದಿಗೆ ಸಲೀಸಾಗಿ ಕೂಡುವುದರಿಂದ ಈ ಉಪಾಯದ ವ್ಯಾಪ್ತಿ ಬಹಳ ಹಿಗ್ಗಿದೆ. 'ಫೈಲ್ ಓಪನ್ ಆಯ್ತಾ?', 'ಟಿಕೆಟ್ ಬುಕ್ ಆಯ್ತಾ?', 'ಡೇಟ್ ಫಿಕ್ಸ್ ಆಯ್ತಾ?' ಎಂಬ ಪ್ರಶ್ನೆಗಳಲ್ಲಿ ಎದುರಿನವರ ವಚನ ಎಲ್ಲಿಯೂ ಬರುವುದಿಲ್ಲ. 'ಟೈಮ್ ಓಕೆನಾ?', 'ನಾಳೆ ಫ್ರೀನಾ?' ಎಂಬಲ್ಲಿ ಇಂಗ್ಲಿಷ್ ಪದಕ್ಕೆ ಕನ್ನಡದ ಪ್ರಶ್ನಾರ್ಥಕ ಪ್ರತ್ಯಯ ನೇರವಾಗಿ ಅಂಟಿ, ಕ್ರಿಯಾಪದವೇ ಬೇಡವಾಗುತ್ತದೆ. 'ಕಳಿಸೋಕಾಗುತ್ತಾ?', 'ಫಾರ್ವರ್ಡ್ ಮಾಡೋಕಾಗುತ್ತಾ?' ಎಂಬ ರೂಪಗಳೂ ಇದೇ ಬಗೆಯವು. ಪೂರ್ಣ ಇಂಗ್ಲಿಷಿಗೆ ಹೋಗದೆ, ಕನ್ನಡದ ಹತ್ತಿರವನ್ನು ಉಳಿಸಿಕೊಂಡು, ವಚನವನ್ನು ಮಾತ್ರ ಮುಂದೂಡಲು ಇವು ಅವಕಾಶ ಕೊಡುತ್ತವೆ.

ಈ ತಟಸ್ಥ ಹಂತ ಸಾಮಾನ್ಯವಾಗಿ ಘೋಷಣೆಯಿಲ್ಲದೆ ಮುಗಿಯುತ್ತದೆ. ಒಂದು ದಿನ ಇಬ್ಬರಲ್ಲೊಬ್ಬರು 'ಎಲ್ಲಿದೀಯಾ?' ಎಂದು ಬರೆಯುತ್ತಾರೆ. ಮತ್ತೊಬ್ಬರು ಏಕವಚನದಲ್ಲಿಯೇ ಉತ್ತರಿಸಿದರೆ ಸಂಬಂಧ ಹೊಸ ಹಂತಕ್ಕೆ ಬಂದಿತೆಂದು ಅರ್ಥ. 'ಆಫೀಸಲ್ಲಿದೀನಿ, ನೀವು?' ಎಂಬ ಉತ್ತರ ಬಂದರೆ ಆ ಆಹ್ವಾನ ಸೌಮ್ಯವಾಗಿ ನಿರಾಕೃತವಾಗಿದೆ.

## 'ಸಾರಿ', 'ಪ್ಲೀಸ್' ಮತ್ತು 'ಥ್ಯಾಂಕ್ಸ್'

ಮಿಶ್ರ ಸಂದೇಶಗಳಲ್ಲಿ ಅತಿ ಹೆಚ್ಚು ಕಾಣಿಸುವ ಇಂಗ್ಲಿಷ್ ಪದಗಳಲ್ಲಿ ಈ ಮೂರೂ ಸೇರಿವೆ. ಇವುಗಳಿಗೆ ಕ್ರಮವಾಗಿ 'ಕ್ಷಮಿಸಿ', 'ದಯವಿಟ್ಟು' ಮತ್ತು 'ಧನ್ಯವಾದ' ಎಂಬ ಕನ್ನಡ ರೂಪಗಳಿವೆ. ಆದರೆ ಅವು ಗ್ರಾಂಥಿಕ ಭಾಷೆಗೆ, ಭಾಷಣಕ್ಕೆ, ಸಾರ್ವಜನಿಕ ಪ್ರಕಟಣೆಗೆ ಹೆಚ್ಚು ಒಗ್ಗಿದವು. 'ದಯವಿಟ್ಟು ಸಾಲಿನಲ್ಲಿ ನಿಲ್ಲಿ' ಎಂಬ ಫಲಕದ ಧ್ವನಿ ಆ ಪದದೊಂದಿಗೆ ಬರುತ್ತದೆ. ಗೆಳೆಯನಿಗೆ 'ದಯವಿಟ್ಟು ಪುಸ್ತಕ ತಾ' ಎಂದರೆ ಅದು ವಿನಯಕ್ಕಿಂತ ವ್ಯಂಗ್ಯವಾಗಿ ಕೇಳಿಸುವ ಸಾಧ್ಯತೆ ಹೆಚ್ಚು.

ಮನೆಯ ಮಾತಿನ ಕನ್ನಡದಲ್ಲಿ ಈ ಭಾವಗಳಿಗೆ ಒಂದೇ ಸಿದ್ಧಪದವಿಲ್ಲದಿದ್ದರೂ ಬೇರೆ ದಾರಿಗಳಿವೆ. ಬಿನ್ನಹಕ್ಕೆ 'ಸ್ವಲ್ಪ', 'ಒಂಚೂರು' ಎಂಬ ಪದಗಳು ಬರುತ್ತವೆ. 'ಸ್ವಲ್ಪ ಬಾಗಿಲು ತೆಗಿ' ಎಂದಾಗ ಬಾಗಿಲನ್ನು ಅರ್ಧ ತೆರೆಯಬೇಕೆಂಬ ಅರ್ಥವಿಲ್ಲ. 'ಸ್ವಲ್ಪ' ಎಂಬುದು ಆಜ್ಞೆಯನ್ನು ಮೆದುಗೊಳಿಸುತ್ತದೆ. ಬೆಂಗಳೂರಿನ ಹೆಸರಿನೊಂದಿಗೆ ಬೆಸೆದುಕೊಂಡಿರುವ 'ಸ್ವಲ್ಪ ಅಡ್ಜಸ್ಟ್ ಮಾಡಿ' ಎಂಬ ನುಡಿಯಲ್ಲಿಯೂ ವಿನಯವನ್ನು ಹೊತ್ತಿರುವುದು ಇಂಗ್ಲಿಷ್ ಪದವಲ್ಲ, ಅದರ ಎರಡು ಬದಿಯ ಕನ್ನಡ. ತಪ್ಪೊಪ್ಪಿಗೆಗೆ 'ಬೇಜಾರ್ ಮಾಡ್ಕೋಬೇಡ', ಕೃತಜ್ಞತೆಗೆ 'ತುಂಬಾ ಉಪಕಾರ ಆಯ್ತು', 'ಒಳ್ಳೇದಾಗ್ಲಿ' ಎಂಬ ಮಾತುಗಳಿವೆ.

'ಸಾರಿ', 'ಥ್ಯಾಂಕ್ಸ್'ಗಳು ಗ್ರಾಂಥಿಕ ರೂಪದ ಭಾರಕ್ಕೂ ಮನೆಮಾತಿನ ಮಮತೆಗೂ ನಡುವಿನ ಸ್ಥಾನವನ್ನು ತುಂಬುತ್ತವೆ. ಸಣ್ಣ ತಪ್ಪಿಗೆ, ಸಣ್ಣ ಉಪಕಾರಕ್ಕೆ ಅವು ಸಾಕು. ತಪ್ಪು ದೊಡ್ಡದಾದಾಗ ಅವುಗಳ ಹಗುರತನವೇ ದೋಷವಾಗುತ್ತದೆ. ಆಗ 'ಬರೀ ಸಾರಿ ಅಂದ್ರೆ ಆಯ್ತಾ?' ಎಂಬ ಪ್ರತಿಕ್ರಿಯೆ ಬರುವುದುಂಟು. ಮರಣದ ಸುದ್ದಿಗೆ ಇಂಗ್ಲಿಷಿನ ಮೂರಕ್ಷರದ ಸಂಕ್ಷೇಪವನ್ನು ಮಾತ್ರ ಕಳುಹಿಸಿದಾಗ ಹಿರಿಯರು ನೊಂದುಕೊಳ್ಳುವುದಕ್ಕೂ ಇದೇ ಕಾರಣ. ಆ ಸಂದರ್ಭದಲ್ಲಿ 'ವಿಷಯ ಕೇಳಿ ತುಂಬಾ ಸಂಕಟ ಆಯ್ತು, ಬೆಳಿಗ್ಗೆ ಬರ್ತೀವಿ' ಎಂಬ ಸರಳ ಕನ್ನಡಕ್ಕೆ ತೂಕ ಹೆಚ್ಚು.

### ಒಂದೇ ವಿಷಯ, ನಾಲ್ಕು ರೂಪ

ಗೆಳೆಯನ ಮನೆಯ ಗೃಹಪ್ರವೇಶಕ್ಕೆ ಬರಲಾಗುವುದಿಲ್ಲ ಎಂದು ತಿಳಿಸುವ ಸಂದೇಶವನ್ನು ನಾಲ್ಕು ರೀತಿಯಲ್ಲಿ ಬರೆಯಬಹುದು.

1. 'ದಯವಿಟ್ಟು ಕ್ಷಮಿಸು, ನಾಳಿನ ಗೃಹಪ್ರವೇಶಕ್ಕೆ ಬರಲು ನನಗೆ ಸಾಧ್ಯವಾಗುವುದಿಲ್ಲ.'
2. 'ಸಾರಿ, ವೋಂಟ್ ಬಿ ಏಬಲ್ ಟು ಮೇಕ್ ಇಟ್ ಟುಮಾರೋ.'
3. 'ಸಾರಿ ಕಣೋ, ನಾಳೆ ಬರೋಕಾಗಲ್ಲ, ಆಫೀಸಲ್ಲಿ ಆಡಿಟ್ ಇದೆ. ಸಂಡೇ ಬರ್ತೀನಿ, ಊಟ ಹಾಕ್ಸು.'
4. 'ಬೇಜಾರ್ ಮಾಡ್ಕೋಬೇಡ ಕಣೋ, ನಾಳೆ ಬರೋಕಾಗಲ್ಲ. ಭಾನುವಾರ ಬರ್ತೀನಿ, ಊಟ ಹಾಕ್ಸು.'

ಮೊದಲನೆಯದು ಶುದ್ಧ ಕನ್ನಡ, ಎರಡನೆಯದು ಶುದ್ಧ ಇಂಗ್ಲಿಷ್. ಆದರೂ ಎರಡರ ಪರಿಣಾಮವೂ ಹೆಚ್ಚುಕಡಿಮೆ ಒಂದೇ. ಎರಡರಲ್ಲೂ ಗೆಳೆಯನೊಡನೆ ಆಡುವ ಮಾತಿನ ದನಿಯಿಲ್ಲ. ಮೂರನೆಯದು ನಿತ್ಯದ ಸ್ನೇಹದ ಧಾಟಿ. ನಾಲ್ಕನೆಯದರಲ್ಲಿ ಇಂಗ್ಲಿಷ್ ಒಂದೂ ಇಲ್ಲದಿದ್ದರೂ ಅದೇ ಅತ್ಯಂತ ಹತ್ತಿರದ ಧಾಟಿ, ಏಕೆಂದರೆ ಅದು ಕೇಳುಗನಿಗೆ ನೋವಾಗಬಹುದೆಂಬುದನ್ನು ಹೆಸರಿಟ್ಟು ಹೇಳುತ್ತದೆ. ದೂರ–ಹತ್ತಿರಗಳ ಗೆರೆ ಇಲ್ಲಿ ಕನ್ನಡ ಮತ್ತು ಇಂಗ್ಲಿಷ್‌ಗಳ ನಡುವೆ ಹಾದುಹೋಗುವುದಿಲ್ಲ. ಆಡುಮಾತು ಮತ್ತು ಬರಹದ ಮಾತುಗಳ ನಡುವೆ ಹಾದುಹೋಗುತ್ತದೆ.

## ಸಂಭಾಷಣೆಯ ನಡುವೆ ಧಾಟಿ ಬದಲಾಗುವ ಬಗೆ

ಜಾನ್ ಗಂಪರ್ಜ್ ಅವರು 1982ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ದ್ವಿಭಾಷಿಕ ಸಮುದಾಯಗಳಲ್ಲಿ ಒಂದು ಭಾಷೆ 'ನಮ್ಮ' ಭಾಷೆಯಾಗಿಯೂ ಮತ್ತೊಂದು 'ಹೊರಗಿನವರ' ಭಾಷೆಯಾಗಿಯೂ ಕೆಲಸ ಮಾಡುವುದನ್ನು ವಿವರಿಸಿದರು. ಮಾತಿನ ನಡುವೆ ಒಂದರಿಂದ ಮತ್ತೊಂದಕ್ಕೆ ಹೊರಳುವುದು ಕೇಳುಗರಿಗೆ ಸುಳಿವಾಗುತ್ತದೆ. ಸ್ನೇಹಿತರಿಬ್ಬರ ನಡುವಿನ ಸಾಲದ ಮಾತುಕತೆಯಲ್ಲಿ ಇದನ್ನು ಹಂತಹಂತವಾಗಿ ಗಮನಿಸಬಹುದು. ಎರಡು ತಿಂಗಳ ಹಿಂದೆ ಮೊದಲನೆಯವನು ಎರಡನೆಯವನಿಗೆ 5,000 ರೂಪಾಯಿ ಕೊಟ್ಟಿದ್ದಾನೆ.

- ಮೊದಲನೆಯವನು: 'ಮಗಾ, ಊಟ ಆಯ್ತಾ?'
- ಎರಡನೆಯವನು: 'ಆಯ್ತು ಮಗಾ. ನಿಂದು?'
- ಮೊದಲನೆಯವನು: 'ಹ್ಞೂಂ. ಅದೇ, ಆ ಅಮೌಂಟ್ ಸ್ವಲ್ಪ ಈ ವಾರ ಟ್ರಾನ್ಸ್‌ಫರ್ ಮಾಡೋಕಾಗುತ್ತಾ? ರೆಂಟ್ ಕಟ್ಬೇಕು.'
- ಎರಡನೆಯವನು: 'ಅಯ್ಯೋ ಸಾರಿ ಮಗಾ, ಮರ್ತೇಬಿಟ್ಟಿದ್ದೆ. ಸ್ಯಾಲರಿ ಬಂದ ತಕ್ಷಣ ಹಾಕ್ತೀನಿ.'

ಹತ್ತು ದಿನಗಳ ನಂತರ:

- ಮೊದಲನೆಯವನು: 'ಪ್ಲೀಸ್ ಟ್ರಾನ್ಸ್‌ಫರ್ ದಿ ಅಮೌಂಟ್ ಬೈ ಟುಮಾರೋ.'
- ಎರಡನೆಯವನು: 'ಯಾಕೋ ಇಷ್ಟು ಫಾರ್ಮಲ್ಲಾಗಿ ಮಾತಾಡ್ತಿದೀಯಾ? ಈಗ್ಲೇ ಹಾಕ್ದೆ ನೋಡು.'

ಮೊದಲ ಎರಡು ಸಾಲುಗಳಲ್ಲಿ ಇಂಗ್ಲಿಷ್ ಇಲ್ಲ. ಅವು ಮಾಹಿತಿಗಾಗಿ ಬರೆದವಲ್ಲ. ಸ್ನೇಹ ಎಂದಿನಂತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಲು ಬರೆದವು. ಮೂರನೆಯ ಸಾಲಿನಲ್ಲಿ ಸಂಕೋಚದ ವಿಷಯ ಬರುತ್ತಿದ್ದಂತೆ 'ದುಡ್ಡು' ಎಂಬ ನೇರ ಪದದ ಬದಲು 'ಅಮೌಂಟ್' ಬರುತ್ತದೆ. 'ನನ್ನ ದುಡ್ಡು ವಾಪಸ್ ಕೊಡು' ಎಂಬ ಮಾತಿನಲ್ಲಿ ಸಾಲ ಕೊಟ್ಟವನು ಮತ್ತು ತೆಗೆದುಕೊಂಡವನು ಎಂಬ ಭೇದ ಎದ್ದು ಕಾಣುತ್ತದೆ. 'ಅಮೌಂಟ್ ಟ್ರಾನ್ಸ್‌ಫರ್' ಎಂಬುದರಲ್ಲಿ ಅದು ಬ್ಯಾಂಕಿನ ಒಂದು ವ್ಯವಹಾರವಾಗಿ ಮಾತ್ರ ಕಾಣುತ್ತದೆ. ಜೊತೆಗೆ 'ಅದೇ', 'ಸ್ವಲ್ಪ', 'ಮಾಡೋಕಾಗುತ್ತಾ' ಎಂಬ ಮೂರು ಕನ್ನಡ ರೂಪಗಳು ಕೇಳಿಕೆಯನ್ನು ಮೆದುಗೊಳಿಸಿವೆ. ಹೀಗೆ ಇಂಗ್ಲಿಷ್ ನಾಮಪದ ಸಂಕೋಚವನ್ನು ಮುಚ್ಚಿದರೆ, ಕನ್ನಡದ ಚೌಕಟ್ಟು ಸ್ನೇಹವನ್ನು ಕಾಯುತ್ತದೆ.

ಐದನೆಯ ಸಾಲಿನಲ್ಲಿ ಕನ್ನಡದ ಚೌಕಟ್ಟೇ ಇಲ್ಲ. 'ಅಮೌಂಟ್', 'ಟ್ರಾನ್ಸ್‌ಫರ್' ಎಂಬ ಅದೇ ಪದಗಳು ಮತ್ತೆ ಬಂದಿವೆ, 'ಪ್ಲೀಸ್' ಕೂಡ ಸೇರಿದೆ. ಆದರೂ ಸಂದೇಶ ಮೊದಲಿಗಿಂತ ಕಠಿಣವಾಗಿದೆ. 'ಮಗಾ' ಎಂಬ ಸಂಬೋಧನೆಯೂ ಕಾರಣ ಹೇಳುವ ಮಾತೂ ಮಾಯವಾಗಿವೆ. ಎರಡನೆಯವನ ಉತ್ತರ ಈ ಸುಳಿವನ್ನು ಸರಿಯಾಗಿ ಗ್ರಹಿಸಿದೆ. ಅವನು ಮೊದಲು ವಿಚಾರಿಸುವುದು ಹಣವನ್ನಲ್ಲ, ಧಾಟಿಯನ್ನು. ಅದನ್ನು ವಿಚಾರಿಸುವುದೂ 'ಯಾಕೋ' ಎಂಬ ಏಕವಚನದ ಕನ್ನಡದಲ್ಲಿ. ಈ ಮೂಲಕ ಸಂಭಾಷಣೆಯನ್ನು ಹಿಂದಿನ ಸಲುಗೆಗೆ ಮರಳಿಸುವ ಪ್ರಯತ್ನ ನಡೆದಿದೆ.

## ಸಂಬೋಧನೆಗಳು

ಸಂಬೋಧನಾಪದವು ತನಗೆ ಒಪ್ಪುವ ವಚನವನ್ನು ಬೇಡುತ್ತದೆ. 'ಸರ್', 'ಮೇಡಂ' ಎಂಬ ಇಂಗ್ಲಿಷ್ ಮೂಲದ ಪದಗಳು ಬಹುವಚನವನ್ನು ಅಪೇಕ್ಷಿಸುತ್ತವೆ: 'ಸರ್, ಬರ್ತೀರಾ?' ಎಂಬುದು ಸಹಜ, 'ಸರ್, ಬರ್ತೀಯಾ?' ಎಂಬುದು ತಮಾಷೆ ಅಥವಾ ಅವಮಾನ. ಬೆಂಗಳೂರು–ಮೈಸೂರು ಭಾಗದ ಯುವಕರಲ್ಲಿ ಬಳಕೆಯಲ್ಲಿರುವ 'ಗುರು', 'ಮಗಾ', 'ಮಚ್ಚಾ' ಎಂಬವು ಏಕವಚನದೊಂದಿಗೆ ಬರುತ್ತವೆ.

'ಅಣ್ಣ' ಮತ್ತು 'ಬ್ರೋ' ಪದಗಳ ವ್ಯತ್ಯಾಸ ಗಮನಾರ್ಹವಾದುದು. 'ಅಣ್ಣ' ಎಂದಾಗ ಎದುರಿನವರು ಹಿರಿಯರು ಎಂಬ ಸೂಚನೆಯಿದೆ, ಮತ್ತು ಹಿರಿಯರಿಂದ ನಿರೀಕ್ಷಿಸುವ ಆಸರೆಯ ಭಾವವೂ ಇದೆ. 'ಬ್ರೋ' ಎಂಬುದರಲ್ಲಿ ವಯಸ್ಸಿನ ಮೇಲುಕೀಳಿಲ್ಲ. ಅದು ಸಮಾನರ ನಡುವಿನ, ಬಹುಮಟ್ಟಿಗೆ ಅಪರಿಚಿತರ ನಡುವಿನ ಸ್ನೇಹಸೂಚಕ. ಆದ್ದರಿಂದ ಬಹುಕಾಲ 'ಅಣ್ಣಾ' ಎನ್ನುತ್ತಿದ್ದವರು ಒಮ್ಮೆಲೇ 'ಬ್ರೋ' ಎಂದು ಬರೆದರೆ ಹತ್ತಿರ ಬಂದಂತಾಗುವುದಕ್ಕಿಂತ ನಂಟು ಸಡಿಲವಾದಂತೆ ತೋರಬಹುದು. 'ಆಂಟಿ', 'ಅಂಕಲ್' ಎಂಬವು ಚಿಕ್ಕಮ್ಮ, ಅತ್ತೆ, ಮಾವ ಮುಂತಾದ ನಿರ್ದಿಷ್ಟ ನಂಟುಗಳನ್ನು ತಪ್ಪಿಸುತ್ತವೆ. ವಯಸ್ಸನ್ನು ಮಾತ್ರ ತಪ್ಪಿಸಲಾರವು. ಅದೇ ಅವುಗಳಿಂದ ಉಂಟಾಗುವ ಅಸಮಾಧಾನದ ಮೂಲ.

## ಪ್ರದೇಶ ಮತ್ತು ಸಮುದಾಯ

ಆಡುಗನ್ನಡವನ್ನು ಬರೆಯುವವರು ತಮ್ಮ ಊರನ್ನೂ ಬರೆಯುತ್ತಾರೆ. 'ಕೆಲಸವಿದೆ' ಎಂಬ ಒಂದೇ ಮಾತು 'ಕೆಲ್ಸ ಇದೆ', 'ಕೆಲ್ಸ ಐತೆ', 'ಕೆಲ್ಸ ಐತಿ', 'ಕೆಲ್ಸ ಉಂಟು' ಎಂದು ಬೇರೆ ಬೇರೆಯಾಗಿ ಬರುತ್ತದೆ. 'ಉಂಟು' ಕರಾವಳಿಯನ್ನೂ, 'ಐತಿ' ಉತ್ತರ ಕರ್ನಾಟಕವನ್ನೂ ತಕ್ಷಣ ಸೂಚಿಸುತ್ತವೆ. ಸಾಮಾಜಿಕ ಹಿನ್ನೆಲೆಯೂ ಇಂತಹ ರೂಪಗಳಲ್ಲಿ ಕಾಣಬಹುದು. ವಿಲಿಯಂ ಬ್ರೈಟ್ ಅವರು 1960ರ ಸುಮಾರಿಗೆ ಕನ್ನಡದ ಜಾತಿ ಉಪಭಾಷೆಗಳ ನಡುವಿನ ವ್ಯತ್ಯಾಸಗಳನ್ನು ಅಧ್ಯಯನ ಮಾಡಿದ್ದರು.

ತನ್ನ ಊರಿನ ರೂಪವನ್ನು ಬರೆದರೆ ನಗೆಪಾಟಲಾದೀತೆಂದು ಅಂಜುವವರಿಗೆ ಇಂಗ್ಲಿಷ್ ಒಂದು ಮರೆಯಾಗುತ್ತದೆ. 'ಬ್ಯುಸಿ, ಲೇಟರ್' ಎಂದು ಬರೆದರೆ ಬರೆದವರು ಯಾವ ಊರಿನವರೆಂದು ತಿಳಿಯುವುದಿಲ್ಲ. ಕಚೇರಿಯ ಗುಂಪಿನಲ್ಲಿ ಹೀಗೆ ಬರೆಯುವವರೇ ತಮ್ಮ ಊರಿನ ಗೆಳೆಯರ ಗುಂಪಿನಲ್ಲಿ 'ಈಗ ಆಗೂದಿಲ್ಲಲೇ, ಮೀಟಿಂಗ್ ಐತಿ' ಎಂದು ಬರೆಯಬಹುದು. ಸಹೋದ್ಯೋಗಿಯೊಬ್ಬರಿಗೆ ತನ್ನ ಊರಿನ ಮಾತಿನಲ್ಲಿ ಮೊದಲ ಬಾರಿ ಸಂದೇಶ ಬರೆಯುವುದು ನಂಬಿಕೆಯ ಸೂಚನೆಯಾಗಿರಬಹುದು.

ವಿದೇಶಗಳಲ್ಲಿ ಬೆಳೆದ ಕನ್ನಡಿಗರ ಮಕ್ಕಳ ಸಂದೇಶಗಳಲ್ಲಿ ಚೌಕಟ್ಟು ತಿರುವುಮುರುವಾಗುತ್ತದೆ. ಅಲ್ಲಿ ವಾಕ್ಯ ಇಂಗ್ಲಿಷಿನದು. 'ಅಜ್ಜಿ', 'ಹುಳಿ', 'ಅಯ್ಯೋ', 'ಸುಮ್ನೆ' ಮುಂತಾದ ಕನ್ನಡ ಪದಗಳು ಅತಿಥಿಗಳು. ಕ್ರಿಯಾಪದ ಇಂಗ್ಲಿಷಿನದಾದ್ದರಿಂದ ವಚನದ ಭೇದ ಅಲ್ಲಿಲ್ಲ. ಅಂತಹ ಮನೆಗಳಲ್ಲಿ ಪೂರ್ಣ ಇಂಗ್ಲಿಷ್ ವಾಕ್ಯ ಮುನಿಸಿನ ಗುರುತಲ್ಲ. ಆತ್ಮೀಯತೆಯನ್ನು ಆ ಕೆಲವೇ ಕನ್ನಡ ಪದಗಳು ಹೊರುತ್ತವೆ.

## ತಪ್ಪು ಗ್ರಹಿಕೆಗಳು ಮತ್ತು ಮಿತಿಗಳು

ಸಂದೇಶದಲ್ಲಿರುವ ಪ್ರತಿಯೊಂದು ಇಂಗ್ಲಿಷ್ ಪದಕ್ಕೂ ಧಾಟಿಯ ಅರ್ಥವಿರುವುದಿಲ್ಲ. 'ಬಸ್', 'ಫೋನ್', 'ಆಫೀಸ್' ಮುಂತಾದವು ಕನ್ನಡದ ದಿನಬಳಕೆಯ ಪದಗಳೇ ಆಗಿವೆ; 'ಬಸ್ಸಲ್ಲಿದೀನಿ' ಎಂಬಲ್ಲಿ ಬೇರೆ ಆಯ್ಕೆಯೇ ಇರಲಿಲ್ಲ. ಬರೆಯುವವರ ಮುಂದೆ ಅಷ್ಟೇ ಸಹಜವಾದ ಕನ್ನಡ ಪದವೊಂದು ಇದ್ದು, ಅದನ್ನು ಬಿಟ್ಟು ಇಂಗ್ಲಿಷನ್ನು ಆರಿಸಿದ್ದರೆ ಮಾತ್ರ ಆ ಆಯ್ಕೆಯನ್ನು ಅರ್ಥೈಸಲು ಆಧಾರವಿರುತ್ತದೆ. ಮೇಲಿನ ಉದಾಹರಣೆಯಲ್ಲಿ 'ದುಡ್ಡು' ಎಂಬುದರ ಬದಲಿಗೆ ಬಂದ 'ಅಮೌಂಟ್' ಅಂತಹುದು.

ಎರಡನೆಯದಾಗಿ, ಒಂದು ಸಂದೇಶವನ್ನು ಬಿಡಿಯಾಗಿ ನೋಡಿ ಧಾಟಿಯನ್ನು ನಿರ್ಣಯಿಸಲಾಗದು. ಸದಾ ಇಂಗ್ಲಿಷಿನಲ್ಲಿಯೇ ಬರೆಯುವವರ ಇಂಗ್ಲಿಷ್ ಸಂದೇಶ ಕೋಪದ ಸೂಚನೆಯಲ್ಲ. ಇಬ್ಬರ ನಡುವೆ ನೆಲೆಗೊಂಡ ರೂಢಿಯಿಂದ ಸಂದೇಶ ಬೇರೆಯಾದಾಗಲೇ ಅದು ಎದ್ದು ಕಾಣುತ್ತದೆ. ನಿತ್ಯ ಇಂಗ್ಲಿಷ್ ಬೆರೆಸಿ ಬರೆಯುವ ಮಗಳು ಒಮ್ಮೆ ಗ್ರಾಂಥಿಕ ಕನ್ನಡದಲ್ಲಿ 'ತಮ್ಮ ಅಪ್ಪಣೆಯಂತೆಯೇ ಆಗಲಿ' ಎಂದು ಬರೆದರೆ, ಅದನ್ನು ವಿನಯವೆಂದು ಓದುವ ತಾಯಿ ವಿರಳ.

ಮೂರನೆಯದಾಗಿ, ಇಂಗ್ಲಿಷಿನ ಬಳಕೆ ವಿದ್ಯಾಭ್ಯಾಸ ಮತ್ತು ಆರ್ಥಿಕ ಸ್ಥಿತಿಗಳೊಂದಿಗೆ ತಳಕುಹಾಕಿಕೊಂಡಿದೆ. ಕುಟುಂಬದ ಗುಂಪಿನಲ್ಲಿ ಇಬ್ಬರು ಇಂಗ್ಲಿಷಿಗೆ ಹೊರಳಿದಾಗ, ಆ ಭಾಷೆ ಬಾರದ ಮೂರನೆಯವರು ತಮ್ಮನ್ನು ಹೊರಗಿಟ್ಟರೆಂದು ಭಾವಿಸುವುದು ಸಹಜ, ಬರೆದವರಿಗೆ ಆ ಉದ್ದೇಶ ಇಲ್ಲದಿದ್ದರೂ.

ಕೊನೆಯದಾಗಿ, ರೋಮನ್ ಲಿಪಿಯ ಬರಹದಲ್ಲಿ ಹ್ರಸ್ವ–ದೀರ್ಘಗಳ ಭೇದ ಹಲವು ವೇಳೆ ಅಳಿಸಿಹೋಗುತ್ತದೆ. 'ಮಾಡು' ಮತ್ತು 'ಮಾಡೋ', 'ಮಾಡಿ' ಮತ್ತು 'ಮಾಡೇ' ರೂಪಗಳು ಅವಸರದ ಬರಹದಲ್ಲಿ ಒಂದೇ ಅಕ್ಷರದಷ್ಟು ದೂರದಲ್ಲಿರುತ್ತವೆ. ಆ ಒಂದು ಅಕ್ಷರ ತಪ್ಪಿದರೆ ಗೌರವ ಸಲುಗೆಯಾಗಬಹುದು, ಸಲುಗೆ ಆಜ್ಞೆಯಾಗಬಹುದು. ಹೀಗಾಗಿ ಹಿರಿಯರಿಗೆ ಬರೆಯುವಾಗ ಕೆಲವರು ಕನ್ನಡ ಲಿಪಿಯನ್ನೇ ಆರಿಸಿಕೊಳ್ಳುತ್ತಾರೆ. ಇನ್ನು ಕೆಲವರು ಬರೆಯುವುದನ್ನೇ ಬಿಟ್ಟು ಧ್ವನಿ ಸಂದೇಶ ಕಳುಹಿಸುತ್ತಾರೆ.